ಒಂದೇ ತಿಂಗಳು, ಎರಡು ಸಲ ಮುರಿದ ವೃತ್ತಿ ತೆರಿಗೆ

ಹೋದ ವರ್ಷ, 2025ರ ಸೆಪ್ಟೆಂಬರಿನ ಒಂದು ಸಂಜೆ ಮುಳವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಓಣಿಯ ಹುಡುಗನೊಬ್ಬ ಕೆಲಸ ಮುಗಿಸಿ ನೇರ ನನ್ನ ಹತ್ತಿರ ಬಂದ. ಸೈಕಲ್ ಮೋಟಾರು ನಿಲ್ಲಿಸುವಷ್ಟೂ ತಾಳ್ಮೆ ಇರಲಿಲ್ಲ.

"ಕಾಕಾ, ಟ್ಯಾಕ್ಸ್ ಎರಡು ಸಲ ಮುರ್ಕೊಂಡಾರ್ರಿ. ಒಂದ ತಿಂಗಳದಾಗ."

"ಯಾವ ಟ್ಯಾಕ್ಸ್ ತಮ್ಮಾ?"

"ಅದ ರೀ, ಪಿಟಿ. ಇನ್ನೂರು ಒಮ್ಮೆ ಹೋಗಿತ್ತು, ಈಗ ಮತ್ತ ಇನ್ನೂರು ಹೋಗೇತಿ."

ಮುಳವಾಡ ಅಂದರೆ ಹೊರಗಿನವರಿಗೆ ಏತ ನೀರಾವರಿ ನೆನಪಾಗುತ್ತದೆ. ಆಲಮಟ್ಟಿಯ ಹಿನ್ನೀರನ್ನು ಎತ್ತಿ ಬರದ ನೆಲಕ್ಕೆ ಹರಿಸುವ ಆ ಯೋಜನೆಗೆ ನಮ್ಮೂರಿನದೇ ಹೆಸರು. ಅದರ ಜೊತೆಗೆ ಈ ಭಾಗದಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ಕೂಡಗಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಬಂತು, ಸುತ್ತಮುತ್ತ ಸಣ್ಣ ದೊಡ್ಡ ಕಾರ್ಖಾನೆ, ಗುತ್ತಿಗೆ ಕೆಲಸ ಬಂದವು. ಜೋಳ, ತೊಗರಿ ನಂಬಿದ್ದ ಮನೆಗಳಲ್ಲಿ ಒಬ್ಬರಾದರೂ ತಿಂಗಳ ಪಗಾರ ಎಣಿಸುವವರಾದರು. ಆದರೆ ಪಗಾರ ಚೀಟಿ ಓದುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ. ನಾನು ನೌಕರಿಯಲ್ಲಿದ್ದಷ್ಟು ಕಾಲವೂ ಪಗಾರದ ಬಿಲ್ಲು ಬರೆದವನು. ಹಾಗಾಗಿ ಇಂಥ ತಕರಾರುಗಳೆಲ್ಲ ನಮ್ಮ ಕಟ್ಟೆಗೇ ಬರುತ್ತವೆ. ಈ ಹುಡುಗ ದುಡಿಯುವುದು ಒಂದು ಗುತ್ತಿಗೆ ಸಂಸ್ಥೆಯಲ್ಲಿ, ಯಂತ್ರಗಳ ದುರಸ್ತಿ ಕೆಲಸ. ಸಂಸ್ಥೆಯ ಹೆಸರು ಇಲ್ಲಿ ಬೇಡ.

ನಾನು ಮೊದಲು ಕೇಳಿದ್ದು, "ಎರಡೂ ಚೀಟಿ ಅದಾವೇನು?" ಎಂದು. ಮೊಬೈಲಿನಲ್ಲಿ ಇದ್ದವು. ಆಗಸ್ಟ್ 31ರ ಚೀಟಿಯಲ್ಲಿ ಒಟ್ಟು ಪಗಾರ 27,400 ರೂಪಾಯಿ. ಅದರಲ್ಲಿ ಭವಿಷ್ಯ ನಿಧಿಗೆ 1,800, ವೃತ್ತಿ ತೆರಿಗೆಗೆ 200 ಮುರಿದು, ಕೈಗೆ 25,400. ಎರಡನೆಯ ಚೀಟಿ ಸೆಪ್ಟೆಂಬರ್ 8ರದು. ಅದು ಹೆಚ್ಚುವರಿ ಗಂಟೆ ದುಡಿದದ್ದರ ಹಣ, ಇವರೆಲ್ಲ ಓಟಿ ಅನ್ನುತ್ತಾರಲ್ಲ, ಅದು. 4,600 ರೂಪಾಯಿ ಬರಬೇಕಿತ್ತು, ವೃತ್ತಿ ತೆರಿಗೆ 200 ಎಂದು ಮುರಿದು 4,400 ಖಾತೆಗೆ ಬಿದ್ದಿತ್ತು.

ಇಲ್ಲಿ ಅವಸರ ಮಾಡಬಾರದು. ಎರಡು ಸಲ ಮುರಿದಂತೆ ಕಂಡರೂ ತಪ್ಪಿಲ್ಲದ ಸಂದರ್ಭಗಳಿವೆ. ಹಿಂದಿನ ತಿಂಗಳು ಮುರಿಯುವುದು ಬಿಟ್ಟುಹೋಗಿದ್ದರೆ ಅದನ್ನು ಈ ತಿಂಗಳು ಸೇರಿಸಿ ಮುರಿಯುತ್ತಾರೆ. ಎರಡು ತಿಂಗಳ ಪಗಾರ ಒಂದೇ ತಿಂಗಳಲ್ಲಿ ಕೈಗೆ ಬಂದರೆ ಬ್ಯಾಂಕಿನ ಪುಸ್ತಕದಲ್ಲಿ ಒಂದೇ ತಿಂಗಳು ಕಂಡರೂ ತೆರಿಗೆ ಎರಡು ತಿಂಗಳಿನದು. ಇದನ್ನು ತಿಳಿಯದೆ ಜಗಳಕ್ಕೆ ಹೋದವರು ತಲೆ ತಗ್ಗಿಸಿ ಬಂದದ್ದನ್ನು ನೋಡಿದ್ದೇನೆ. ಹಾಗಾಗಿ ಚೀಟಿ ಬಂದ ತಾರೀಖಿಗಿಂತ ಅದರ ಮೇಲೆ 'ತಿಂಗಳು' ಎಂದು ಏನು ಬರೆದಿದೆ ಎಂಬುದನ್ನು ನೋಡಬೇಕು. ಇವನ ಎರಡೂ ಚೀಟಿಯ ತಲೆಯ ಮೇಲೆ 'ಆಗಸ್ಟ್ 2025' ಎಂದೇ ಇತ್ತು. ಜುಲೈ ಚೀಟಿ ತೆಗೆಸಿದೆ, ಅಲ್ಲಿ 200 ಸರಿಯಾಗಿ ಮುರಿದಿದ್ದರು. ಏಪ್ರಿಲ್, ಮೇ, ಜೂನ್ ಕೂಡ ಸರಿ.

ಕೊನೆಗೆ ಚೀಟಿಯ ಬಲತುದಿಯಲ್ಲಿ ಒಂದು ಸಣ್ಣ ಕಾಲಮ್ಮು ತೋರಿಸಿದೆ. ವೈಟಿಡಿ ಎಂದು ಇಂಗ್ಲಿಷಿನ ಮೂರು ಅಕ್ಷರ ಇರುತ್ತದೆ, ಬಹಳ ಮಂದಿ ಅತ್ತ ಕಣ್ಣೇ ಹಾಯಿಸುವುದಿಲ್ಲ. ಏಪ್ರಿಲ್‌ನಿಂದ ಈವರೆಗೆ ಒಟ್ಟು ಎಷ್ಟು ಮುರಿದಿದೆ ಎಂಬ ಲೆಕ್ಕ ಅದು. ಮೊದಲ ಚೀಟಿಯಲ್ಲಿ ವೃತ್ತಿ ತೆರಿಗೆಯ ಮುಂದೆ 1,000 ಇತ್ತು, ಐದು ತಿಂಗಳಿಗೆ ಇನ್ನೂರರಂತೆ ಸರಿಯಾದ ಲೆಕ್ಕ. ಎರಡನೆಯದರಲ್ಲಿ 1,200 ಆಗಿತ್ತು. ಐದೇ ತಿಂಗಳಿಗೆ ಆರು ತಿಂಗಳ ತೆರಿಗೆ. ಹುಡುಗನ ತಕರಾರು ಖರೆ ಇತ್ತು.

ಈಗ ಈ ತೆರಿಗೆಯ ಬಗ್ಗೆ ಎರಡು ಮಾತು. ಕರ್ನಾಟಕದಲ್ಲಿ ಇದರ ಕಾಯಿದೆ 1976ರದು. ವಾಣಿಜ್ಯ ತೆರಿಗೆ ಇಲಾಖೆ ಇದನ್ನು ನೋಡಿಕೊಳ್ಳುತ್ತದೆ. ತಿಂಗಳ ಪಗಾರ 25,000 ಅಥವಾ ಮೇಲಿದ್ದವರಿಗೆ ಮಾತ್ರ ಇದು ತಗಲುತ್ತದೆ. 2023ರ ಏಪ್ರಿಲ್‌ಗೆ ಮುಂಚೆ ಆ ಮಿತಿ 15,000 ಇತ್ತು. ತೆರಿಗೆ ತಿಂಗಳಿಗೆ 200. ಪಗಾರ 26,000 ಇದ್ದವನಿಗೂ ಅಷ್ಟೇ, ಒಂದು ಲಕ್ಷ ಇದ್ದವನಿಗೂ ಅಷ್ಟೇ. ಈ ಸಂಗತಿಯನ್ನು ಗಟ್ಟಿಯಾಗಿ ಹಿಡಿಯಬೇಕು. ಆದಾಯ ತೆರಿಗೆಯಾದರೆ ಹಣ ಹೆಚ್ಚಾದಂತೆ ತೆರಿಗೆಯೂ ಹೆಚ್ಚಬಹುದು. ವೃತ್ತಿ ತೆರಿಗೆಯಲ್ಲಿ ಒಂದು ಆಳಿಗೆ ಒಂದು ತಿಂಗಳಿಗೆ ಒಂದೇ ಸಲ. ಆ ತಿಂಗಳ ಹಣವನ್ನು ಎರಡು ಕಂತಿನಲ್ಲಿ ಕೊಡಲಿ, ನಾಲ್ಕು ಕಂತಿನಲ್ಲಿ ಕೊಡಲಿ, ಅದು ಬದಲಾಗುವುದಿಲ್ಲ.

ಇದಕ್ಕೆ ಮೇಲಿನ ಬೇಲಿಯೂ ಒಂದಿದೆ. ಸಂವಿಧಾನದ 276ನೇ ವಿಧಿಯ ಪ್ರಕಾರ ಒಬ್ಬ ವ್ಯಕ್ತಿಯಿಂದ ರಾಜ್ಯ ಸರ್ಕಾರ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವೃತ್ತಿ ತೆರಿಗೆ ತೆಗೆದುಕೊಳ್ಳುವಂತಿಲ್ಲ. ಮೊದಲು ಆ ಮಿತಿ 250 ರೂಪಾಯಿ ಇತ್ತು, 1988ರ ಅರವತ್ತನೆಯ ತಿದ್ದುಪಡಿ ಅದನ್ನು 2,500ಕ್ಕೆ ಏರಿಸಿತು. ನಮ್ಮ ರಾಜ್ಯದಲ್ಲಿ ಬಹಳ ದಿನ ಹನ್ನೆರಡು ತಿಂಗಳಿಗೆ ಇನ್ನೂರರಂತೆ 2,400 ಆಗುತ್ತಿತ್ತು, ನೂರು ರೂಪಾಯಿ ಜಾಗ ಉಳಿಯುತ್ತಿತ್ತು. 2025ರ ಏಪ್ರಿಲ್‌ನಿಂದ ಫೆಬ್ರುವರಿ ತಿಂಗಳಿಗೆ ಮಾತ್ರ 300 ಮಾಡಿದರು. ಹನ್ನೊಂದು ತಿಂಗಳಿಗೆ 2,200, ಫೆಬ್ರುವರಿಗೆ 300, ಕೂಡಿಸಿದರೆ 2,500. ಸೊಲ್ಲಾಪುರದಲ್ಲಿ ನೌಕರಿ ಮಾಡುವ ನಮ್ಮ ಮಂದಿಗೆ ಈ ಫೆಬ್ರುವರಿಯ ಮುನ್ನೂರು ಹೊಸದಲ್ಲ, ಮಹಾರಾಷ್ಟ್ರದಲ್ಲಿ ಬಹಳ ವರ್ಷಗಳಿಂದ ಹೀಗೇ ಇದೆ. ಅಂದರೆ ಈಗ ವರ್ಷಪೂರ್ತಿ ದುಡಿಯುವವನ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚಿಗೆ ಮುರಿಯಲೂ ಜಾಗವಿಲ್ಲ. ಹುಡುಗನ ಆ ಎರಡನೆಯ ಇನ್ನೂರು ಹಾಗೇ ಉಳಿದರೆ ಮಾರ್ಚ್ ಹೊತ್ತಿಗೆ 2,700 ಆಗುತ್ತದೆ.

ಹಾಗಾದರೆ ಎರಡು ಸಲ ಏಕೆ ಮುರಿಯಿತು? ಯಾರೂ ಬೇಕೆಂದು ಮಾಡಿದ್ದಲ್ಲ ಎಂಬುದು ಅಂಕಿಗಳನ್ನು ನೋಡಿದರೇ ತಿಳಿಯುತ್ತದೆ. ಓಟಿ 4,600, ಅದೊಂದೇ ಆಗಿದ್ದರೆ 25,000 ದಾಟುವುದಿಲ್ಲ, ತೆರಿಗೆ ಬೀಳುವುದೇ ಇಲ್ಲ. ಪಗಾರದ ಲೆಕ್ಕ ಮಾಡುವ ಸಾಫ್ಟ್‌ವೇರು ತಿಂಗಳ ಒಟ್ಟು ಹಣ ನೋಡಿದೆ. 27,400ಕ್ಕೆ 4,600 ಕೂಡಿಸಿದರೆ 32,000. ಇಪ್ಪತ್ತೈದು ಸಾವಿರ ದಾಟಿದೆ, ಇನ್ನೂರು ಮುರಿ ಎಂದಿದೆ. ಅಲ್ಲಿಯವರೆಗೆ ಸರಿ. ಆದರೆ ಈ ತಿಂಗಳು ಈಗಾಗಲೇ ಇನ್ನೂರು ಮುರಿದಾಗಿದೆ, ಅದನ್ನು ಕಳೆ ಎಂಬ ಮಾತು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ನಾವು ಕೈಯಿಂದ ಬಿಲ್ಲು ಬರೆಯುವ ಕಾಲದಲ್ಲೂ ಪೂರಕ ಬಿಲ್ಲಿನಲ್ಲಿ ಇದೇ ತಪ್ಪು ಆಗುತ್ತಿತ್ತು. ಮೂಲ ಬಿಲ್ಲು ಒಂದು ಕಪಾಟಿನಲ್ಲಿ, ಪೂರಕ ಬಿಲ್ಲು ಬರೆಯುವವನು ಇನ್ನೊಂದು ಮೇಜಿನಲ್ಲಿ. ಬಾಕಿ ಪಗಾರ, ಓಟಿ, ತಡವಾಗಿ ಬಂದ ಬಡ್ತಿಯ ಹಣ, ಹೀಗೆ ಎರಡನೆಯ ಬಿಲ್ಲು ಆದ ಕಡೆಯೆಲ್ಲ ಕಣ್ಣಿಡಬೇಕು.

ಹುಡುಗ ನನ್ನ ಹತ್ತಿರ ಬರುವ ಮುಂಚೆಯೇ ಕಚೇರಿಗೆ ಒಂದು ಮೆಸೇಜು ಕಳಿಸಿದ್ದ. "ನನ್ನ ಟ್ಯಾಕ್ಸ್ ಎರಡು ಸಲ ಕಟ್ ಮಾಡಿದ್ದೀರಿ, ವಾಪಸ್ ಕೊಡಿ" ಎಂದಷ್ಟೇ. ಬಂದ ಉತ್ತರ: "ಅದು ಸರ್ಕಾರದ ತೆರಿಗೆ, ನಮ್ಮ ಕೈಯಲ್ಲಿಲ್ಲ." ಈ ಉತ್ತರ ಕೇಳಿ ಸುಮ್ಮನಾದವರು ಎಷ್ಟೋ ಮಂದಿ. ಆದರೆ ಆ ಮಾತು ಸರಿಯಲ್ಲ. ತೆರಿಗೆ ಸರ್ಕಾರದ್ದು ನಿಜ, ಪಗಾರದಿಂದ ಮುರಿಯುವ ಕೆಲಸವನ್ನು ಕಾಯಿದೆ ಕೊಟ್ಟಿರುವುದು ಮಾಲೀಕನಿಗೆ. ಮುರಿಯುವುದು ಮರೆತರೂ ಸರ್ಕಾರಕ್ಕೆ ಕಟ್ಟುವ ಹೊಣೆ ಅವನದೇ. ಹೆಚ್ಚಿಗೆ ಮುರಿದರೆ ತಿದ್ದುವ ಹೊಣೆಯೂ ಅವನದೇ ಅಲ್ಲವೇ?

ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ನಿಮ್ಮ ಆದಾಯ ತೆರಿಗೆ ಮುರಿದರೆ ಅದು ನಿಮ್ಮ ಪ್ಯಾನ್ ಸಂಖ್ಯೆಯ ಮೇಲೆ ಜಮೆಯಾಗುತ್ತದೆ, ನೀವೇ ತೆರೆದು ನೋಡಬಹುದು. ವೃತ್ತಿ ತೆರಿಗೆಯಲ್ಲಿ ಆ ಅನುಕೂಲವಿಲ್ಲ. ಮಾಲೀಕ ತಿಂಗಳು ಮುಗಿದ 20 ದಿನದೊಳಗೆ ನಮೂನೆ 5-ಎ ಎಂಬ ಪಟ್ಟಿ ಸಲ್ಲಿಸಿ ಹಣ ಕಟ್ಟುತ್ತಾನೆ. ಅದರಲ್ಲಿ ಇರುವುದು ತಲೆಗಳ ಲೆಕ್ಕ: ಮಿತಿ ದಾಟಿದ ನೌಕರರು ಇಷ್ಟು ಮಂದಿ, ತಲಾ ಇಷ್ಟು ರೂಪಾಯಿ, ಒಟ್ಟು ಇಷ್ಟು. ನಿಮ್ಮ ಇನ್ನೂರು ಅಲ್ಲಿ ಸೇರಿದೆಯೋ ಇಲ್ಲವೋ ಎಂದು ನೀವು ಹುಡುಕಿ ನೋಡುವಂತಿಲ್ಲ. ನಿಮ್ಮ ಕೈಯಲ್ಲಿರುವ ಪುರಾವೆ ಒಂದೇ, ಅದು ಪಗಾರ ಚೀಟಿ. ಅದಕ್ಕೇ ತಕರಾರು ಮೊದಲು ಹೋಗಬೇಕಾದದ್ದು ಮಾಲೀಕನ ಲೆಕ್ಕಪತ್ರದ ಮೇಜಿಗೆ, ತೆರಿಗೆ ಕಚೇರಿಗಲ್ಲ.

ತಲೆ ಎಣಿಸುವ ಈ ಪದ್ಧತಿಯಿಂದ ಇನ್ನೊಂದೂ ತಿಳಿಯುತ್ತದೆ. ಹುಡುಗನ ತಲೆ ಒಂದೇ. ಪಟ್ಟಿಯಲ್ಲಿ ಅವನನ್ನು ಒಂದೇ ಸಲ ಎಣಿಸಿದ್ದರೆ ಎರಡನೆಯ ಇನ್ನೂರು ಸರ್ಕಾರಕ್ಕೆ ಹೋಗಿರುವುದೇ ಇಲ್ಲ, ಸಂಸ್ಥೆಯ ಲೆಕ್ಕದಲ್ಲೇ ಬಿದ್ದಿರುತ್ತದೆ. ಆಗಸ್ಟ್ ತಿಂಗಳ ಪಟ್ಟಿಗೆ ಸೆಪ್ಟೆಂಬರ್ 20 ಕೊನೆಯ ದಿನ. ಅವನು ನನ್ನ ಹತ್ತಿರ ಬಂದದ್ದು 10ರಂದು. ದಿನ ಇದ್ದವು. ಆ ತಾರೀಖು ದಾಟಿ, ತಪ್ಪು ಮೊತ್ತವೇ ಸರ್ಕಾರಕ್ಕೆ ಹೋಗಿಬಿಟ್ಟರೆ ಸಂಸ್ಥೆಗೆ ತಿರುಗಾಟ ಹೆಚ್ಚು. ನೌಕರನಿಗೆ ಕೊಡಬೇಕಾದ ಹಣ ಆಗಲೂ ಕೊಡಲೇಬೇಕು, ಆದರೆ ನೆಪಗಳಿಗೆ ದಾರಿಯಾಗುತ್ತದೆ.

ಅಂದೇ ರಾತ್ರಿ ಇಬ್ಬರೂ ಕುಳಿತು ಅರ್ಜಿ ಬರೆದೆವು. ಅವನು ಮೊದಲು ಬರೆದದ್ದರಲ್ಲಿ ಸಿಟ್ಟು ಹೆಚ್ಚಿತ್ತು, ತಾರೀಖು ಒಂದೂ ಇರಲಿಲ್ಲ. ಸಿಟ್ಟು ಸಹಜ, ಆದರೆ ಲೆಕ್ಕದವನಿಗೆ ಬೇಕಾದದ್ದು ಚೀಟಿ ಮತ್ತು ಅಂಕಿ. ಕೊನೆಗೆ ಕಳಿಸಿದ್ದು ಹೀಗಿತ್ತು, ಓದುತ್ತೇನೆ:

"ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಿಗೆ. ವಿಷಯ: 2025ರ ಆಗಸ್ಟ್ ತಿಂಗಳ ವೇತನದಲ್ಲಿ ವೃತ್ತಿ ತೆರಿಗೆ ಎರಡು ಬಾರಿ ಕಡಿತವಾದ ಬಗ್ಗೆ. ಮಾನ್ಯರೇ, ಆಗಸ್ಟ್ 31ರ ನನ್ನ ವೇತನ ಚೀಟಿಯಲ್ಲಿ ಆಗಸ್ಟ್ ತಿಂಗಳ ವೃತ್ತಿ ತೆರಿಗೆ 200 ರೂಪಾಯಿ ಕಡಿತವಾಗಿದೆ. ಸೆಪ್ಟೆಂಬರ್ 8ರ ಹೆಚ್ಚುವರಿ ದುಡಿಮೆಯ ಚೀಟಿಯಲ್ಲಿ ಅದೇ ಆಗಸ್ಟ್ ತಿಂಗಳಿಗೆ ಮತ್ತೆ 200 ರೂಪಾಯಿ ಕಡಿತವಾಗಿದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳಿಗೆ 1,000 ರೂಪಾಯಿ ಆಗಬೇಕಾದಲ್ಲಿ 1,200 ಆಗಿದೆ. ಹಿಂದಿನ ಯಾವ ತಿಂಗಳ ತೆರಿಗೆಯೂ ಬಾಕಿ ಇಲ್ಲ. ಎರಡನೆಯ 200 ರೂಪಾಯಿಯನ್ನು ಸೆಪ್ಟೆಂಬರ್ ವೇತನದ ಜೊತೆ ಮರಳಿ ಕೊಟ್ಟು, ಚೀಟಿಯಲ್ಲಿ 'ವೃತ್ತಿ ತೆರಿಗೆ ಮರುಪಾವತಿ' ಎಂದು ಬೇರೆ ಸಾಲಿನಲ್ಲಿ ತೋರಿಸಬೇಕೆಂದೂ, ಆಗಸ್ಟ್ ತಿಂಗಳ ನಮೂನೆ 5-ಎ ಸಲ್ಲಿಸುವ ಮುನ್ನ ಇದನ್ನು ಸರಿಪಡಿಸಬೇಕೆಂದೂ ಕೋರುತ್ತೇನೆ. ಎರಡೂ ಚೀಟಿ ಮತ್ತು ಬ್ಯಾಂಕ್ ಖಾತೆಯ ಪುಟ ಲಗತ್ತಿಸಿದೆ."

'ಬೇರೆ ಸಾಲಿನಲ್ಲಿ' ಎಂದು ಬರೆಸಿದ್ದು ನಾನೇ. ಹುಡುಗ ಕೇಳಿದ, "ಮುಂದಿನ ತಿಂಗಳ ಮುರ್ಕೊಳ್ಳೂದು ಬಿಟ್ರ ಆತಲ್ರಿ ಕಾಕಾ, ಲೆಕ್ಕ ಸರಿ ಹೋಗ್ತೈತಿ?" ಹಣದ ಮಟ್ಟಿಗೆ ಸರಿ ಹೋಗುತ್ತದೆ. ಆದರೆ ಸೆಪ್ಟೆಂಬರ್ ಚೀಟಿಯಲ್ಲಿ ವೃತ್ತಿ ತೆರಿಗೆ ಸೊನ್ನೆ ಎಂದು ಕಾಣುತ್ತದೆ. ಸೆಪ್ಟೆಂಬರ್ ತೆರಿಗೆ ಬೇರೆ, ಆಗಸ್ಟಿನ ತಪ್ಪು ಬೇರೆ. ನಾಳೆ ಆ ಮೇಜಿಗೆ ಹೊಸ ಗುಮಾಸ್ತ ಬಂದು ಸೊನ್ನೆ ನೋಡಿ, ಈ ತಿಂಗಳು ಬಿಟ್ಟುಹೋಗಿದೆ ಎಂದು ಮತ್ತೆ ಇನ್ನೂರು ಮುರಿದರೆ? ಅಂಥದ್ದೂ ಆಗಿದೆ, ನಾನೇ ಬಿಡಿಸಿ ಕೊಟ್ಟಿದ್ದೇನೆ. ಅದಲ್ಲದೆ ಗುತ್ತಿಗೆಯ ನೌಕರಿ, ನಡುವೆ ಬಿಟ್ಟು ಹೋದರೆ ಹೊಂದಾಣಿಕೆ ಅಲ್ಲೇ ನಿಂತುಬಿಡುತ್ತದೆ.

ಅರ್ಜಿ ಸೆಪ್ಟೆಂಬರ್ 11ರಂದು ಇಮೇಲಿನಲ್ಲಿ ಹೋಯಿತು, ಒಂದು ಪ್ರತಿಯನ್ನು ಕೆಲಸದ ಜಾಗದ ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ 'ಮುಟ್ಟಿದೆ' ಎಂದು ಸಹಿ, ಶಿಕ್ಕಾ ಹಾಕಿಸಿಕೊಂಡು ಬಂದ. ನಾಲ್ಕನೆಯ ದಿನ ಲೆಕ್ಕದ ಗುಮಾಸ್ತರೇ ಫೋನ್ ಮಾಡಿದರು. ಅವರು ಓಟಿ ಪಟ್ಟಿಯನ್ನೇ ತೆಗೆದು ನೋಡಿದ್ದರು. ಆ ಪಟ್ಟಿಯಲ್ಲಿ 43 ಮಂದಿ. ಅವರಲ್ಲಿ 31 ಮಂದಿಗೆ ಎರಡೆರಡು ಸಲ ಮುರಿದಿತ್ತು. ಉಳಿದ 12 ಮಂದಿಯ ಮೂಲ ಪಗಾರ 25,000ಕ್ಕಿಂತ ಕಡಿಮೆ, ಅವರ ಮೊದಲ ಚೀಟಿಯಲ್ಲಿ ತೆರಿಗೆ ಇರಲಿಲ್ಲ, ಓಟಿ ಕೂಡಿದ ಮೇಲೆ ಒಂದು ಸಲ ಮಾತ್ರ ಬಿದ್ದಿತ್ತು. ಅವರದು ಎರಡು ಸಲದ ತಕರಾರಲ್ಲ. 31 ಮಂದಿಯ 6,200 ರೂಪಾಯಿ 'ಕಟ್ಟಬೇಕಾದ ವೃತ್ತಿ ತೆರಿಗೆ' ಎಂಬ ಖಾತೆಯಲ್ಲಿ ಹಾಗೇ ಕುಳಿತಿತ್ತು. ಪಟ್ಟಿಯಲ್ಲಿ ತಲೆ ಎಣಿಸಿದಾಗ ಆ ಹಣಕ್ಕೆ ತಲೆಯೇ ಸಿಗುತ್ತಿರಲಿಲ್ಲ. ಮೂವತ್ತೊಂದು ಮಂದಿಯಲ್ಲಿ ಚೀಟಿ ನೋಡಿ ಕೇಳಿದವನು ಇವನೊಬ್ಬನೇ ಎಂಬುದು ನನಗೆ ಬಹಳ ನೋವಿನ ಸಂಗತಿ. ಇನ್ನೂರು ರೂಪಾಯಿಗೆ ಏನು ಕೇಳುವುದು ಎಂದು ಉಳಿದವರು ಸುಮ್ಮನಿದ್ದರು. ಓಟಿ ಅಂದರೆ ಹಗಲು ಪಾಳಿ ಮುಗಿಸಿ ಮತ್ತೆ ರಾತ್ರಿ ಹತ್ತರವರೆಗೆ ನಿಂತು ದುಡಿದ ಹಣ. ಅದರಲ್ಲಿನ ಇನ್ನೂರನ್ನು ಸಣ್ಣದೆಂದು ನಾನಂತೂ ಹೇಳಲಾರೆ.

ಸೆಪ್ಟೆಂಬರ್ ಚೀಟಿ ಬಂತು. ವೃತ್ತಿ ತೆರಿಗೆ 200 ಮುರಿದಿತ್ತು, ಕೆಳಗಿನ ಸಾಲಿನಲ್ಲಿ ಮರುಪಾವತಿ 200 ಕೂಡಿತ್ತು. ವೈಟಿಡಿ ಕಾಲಮ್ಮಿನಲ್ಲಿ 1,200. ಆರು ತಿಂಗಳಿಗೆ ಆರು ಸಲ.

ಎಲ್ಲ ಕಡೆ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಸಂಸ್ಥೆ ಮೌನವಾಗಿದ್ದರೆ ಹದಿನೈದು ದಿನ ಬಿಟ್ಟು ಮೊದಲ ಅರ್ಜಿಯ ಪ್ರತಿಯೊಂದಿಗೆ ನೆನಪೋಲೆ ಕಳಿಸಿ. ಅದಕ್ಕೂ ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಯ ದಾರಿ ಇದೆ. ಇಲ್ಲಿ ಮೊದಲು ಒಂದು ತೊಡಕಿತ್ತು. ವೇತನ ಪಾವತಿಯ 1936ರ ಹಳೆಯ ಕಾಯಿದೆ ತಿಂಗಳಿಗೆ 24,000 ರೂಪಾಯಿವರೆಗಿನ ಪಗಾರದವರಿಗೆ ಮಾತ್ರ ಇತ್ತು. ವೃತ್ತಿ ತೆರಿಗೆ ಬೀಳುವುದು 25,000ದಿಂದ. ಹೀಗಾಗಿ ತೆರಿಗೆ ಕಟ್ಟುವವನು ಆ ಕಾಯಿದೆಯ ಆಸರೆಯಿಂದ ಹೊರಗೇ ಉಳಿಯುತ್ತಿದ್ದ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಆ ಪಗಾರದ ಮಿತಿ ಇಲ್ಲ. ಕಾನೂನು ಒಪ್ಪಿದ ಕಡಿತಗಳನ್ನು ಬಿಟ್ಟು ಬೇರೇನನ್ನೂ ಪಗಾರದಿಂದ ಮುರಿಯಬಾರದೆಂಬ ನಿಯಮ ಈಗ ಅವನಿಗೂ ಅನ್ವಯಿಸುತ್ತದೆ.

ಎರಡು ಕಡೆ ದುಡಿಯುವವರ ಸಂಗತಿ ಬೇರೆ. ಎರಡು ಕಾಲೇಜಿನಲ್ಲಿ ಪಾಠ ಮಾಡುವ ಉಪನ್ಯಾಸಕರಿಗೆ ಎರಡೂ ಕಡೆ ಮುರಿಯುವುದುಂಟು. ಅಲ್ಲಿ ಯಾವ ಮಾಲೀಕನೂ ತಪ್ಪು ಮಾಡಿರುವುದಿಲ್ಲ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದು. ಅಂಥವರು ತಾವೇ ಇಲಾಖೆಯಲ್ಲಿ ನೋಂದಾಯಿಸಿಕೊಂಡು ತೆರಿಗೆ ಕಟ್ಟುವುದಾಗಿ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ಇಬ್ಬರೂ ಮುರಿಯುವುದನ್ನು ನಿಲ್ಲಿಸಬೇಕು. ಇನ್ನು ಸರ್ಕಾರಿ ಶಾಲೆಯ ಶಿಕ್ಷಕರಿಗೆ ಪೂರಕ ಬಿಲ್ಲಿನಲ್ಲಿ ಎರಡನೆಯ ಸಲ ಬಿದ್ದರೆ ಬಟವಾಡೆ ಅಧಿಕಾರಿಗೇ ಬರೆಯಬೇಕು, ಅರ್ಜಿಯ ಒಕ್ಕಣೆ ಅದೇ.

ಈ ಫೆಬ್ರುವರಿ ಮುಗಿದ ಮೇಲೆ ಹುಡುಗ ಮತ್ತೆ ಕಟ್ಟೆಗೆ ಬಂದ. ಈ ಸಲ ಗಾಡಿ ಸರಿಯಾಗಿ ನಿಲ್ಲಿಸಿ ಬಂದ.

"ಕಾಕಾ, ಮುನ್ನೂರು ಮುರ್ಕೊಂಡಾರ."

"ಬಲಗಡೆ ಕಾಲಮ್ಮು ನೋಡಿದೇನು?"

"ನೋಡೀನ್ರಿ. ಎರಡು ಸಾವಿರದ ಮುನ್ನೂರು ಐತಿ."

ಏಪ್ರಿಲ್‌ನಿಂದ ಜನವರಿಗೆ ಹತ್ತು ತಿಂಗಳು, ಎರಡು ಸಾವಿರ. ಫೆಬ್ರುವರಿಯ ಮುನ್ನೂರು. ಅವನೇ ಬೆರಳು ಮಡಚಿ ಎಣಿಸಿದ. "ಮಾರ್ಚಿಂದು ಇನ್ನೂರು ಉಳೀತು, ಅಲ್ಲಿಗೆ ಎರಡೂವರಿ ಸಾವಿರ. ಬರೋಬರಿ ಐತಿ ಬಿಡ್ರಿ" ಎಂದು, ಚಹಾ ಕುಡಿದು ಎದ್ದು ಹೋದ.